ತೋಟ ಸೊರಗಿ ಪುಡಿ ಘಟಕ ಕೊಬ್ಬಿದರೆ: ಒಳ ರೇಟಿನ ದೋಷ ಹುಡುಕುವುದು ಹೇಗೆ

ಮೊದಲು ರೋಗಲಕ್ಷಣ ಹೇಳಿಬಿಡ್ತೇನೆ. ಒಂದೇ ಕಂಪನಿ, ಎರಡು ವಿಭಾಗ. ಒಂದು ಬೆಳೆಯುತ್ತೆ, ಇನ್ನೊಂದು ಅದನ್ನ ತಗೊಂಡು ಮಾರಾಟಕ್ಕೆ ರೆಡಿ ಮಾಡುತ್ತೆ. ವರ್ಷದ ಕೊನೆಯಲ್ಲಿ ಒಂದರ ಲಾಭ ಆಕಾಶಕ್ಕೆ ಹೋಗಿದೆ, ಇನ್ನೊಂದು ನೆಲ ಕಚ್ಚಿದೆ. ಆದರೆ ಎರಡೂ ಕಡೆ ಜನ ಅದೇ, ಕೆಲಸ ಅದೇ, ಮಾಲೂ ಅದೇ. ಇಂಥ ಕಡೆ ಮ್ಯಾನೇಜರನ್ನ ಬೈಯೋ ಮೊದಲು ನೋಡಬೇಕಾದ್ದು ಒಂದು ಅಂಕಿ: ಈ ವಿಭಾಗ ಆ ವಿಭಾಗಕ್ಕೆ ಮಾಲು ಯಾವ ರೇಟಿಗೆ ಕೊಟ್ಟಿದೆ ಅಂತ. ಪುಸ್ತಕದಲ್ಲಿ ಇದಕ್ಕೆ ವರ್ಗಾವಣೆ ಬೆಲೆ ಅಂತಾರೆ, ಆಫೀಸಲ್ಲಿ ಟ್ರಾನ್ಸ್‌ಫರ್ ರೇಟು ಅಂತಾರೆ. ನಾನು ಸುಮ್ನೆ ಒಳ ರೇಟು ಅಂತ ಬರೀತೀನಿ.

ನಾನು ಹಾಸನದಲ್ಲಿ ಲೆಕ್ಕಪತ್ರದ ಕೆಲಸ ಮಾಡೋನು. ಈ ದೋಷ ಸರಿಯಾಗಿ ಅರ್ಥ ಆಗಿದ್ದು ಚಿಕ್ಕಮಗಳೂರು ಕಡೆಯ ಒಂದು ಕಾಫಿ ಕಂಪನಿಯ ಪುಸ್ತಕ ನೋಡಿದಾಗ. ಹೆಸರು ಬೇಡ. ಮೂಡಿಗೆರೆ ದಾರಿಯಲ್ಲಿ ಐವತ್ತು ಎಕರೆ ಚಿಲ್ಲರೆ ರೋಬಸ್ಟಾ ತೋಟ, ಪೇಟೆಯಲ್ಲಿ ಸ್ವಂತ ಪುಡಿ ಘಟಕ. ತೋಟದ ಗೋಡೌನಿನಿಂದ ತಿಂಗಳಿಗೆ ಎಂಬತ್ತು ಎಂಬತ್ತೈದು ಮೂಟೆ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಪುಡಿ ಘಟಕಕ್ಕೆ ಇಳಿಯುತ್ತೆ. ಅಲ್ಲಿ ಹಲ್ಲಿಂಗ್ ಮಾಡಿ ಸಿಪ್ಪೆ ಬಿಡಿಸಿ, ಹುರಿದು, ಪುಡಿ ಮಾಡಿ, ಪ್ಯಾಕೆಟ್ ಕಟ್ಟಿ ಅಂಗಡಿಗಳಿಗೆ ಹಾಕ್ತಾರೆ. ಕಂಪನಿ ಒಂದೇ, ಬ್ಯಾಂಕ್ ಖಾತೆ ಒಂದೇ. ಲಾಭ ನಷ್ಟದ ಪಟ್ಟಿ ಮಾತ್ರ ಎರಡು.

ಸಾಹುಕಾರರು ಕರೆಸಿದ್ದು ಬೇರೆ ವಿಷಯಕ್ಕೆ. "ನೋಡಿ ಇವ್ರೆ, ತೋಟ ಏನೂ ಹುಟ್ಟಿಸ್ತಾ ಇಲ್ಲ. ವರ್ಷಕ್ಕೆ ಐದು ಲಕ್ಷ. ಪುಡಿ ಘಟಕ ಮೂವತ್ತೆಂಟು. ಈ ಸಲ ಗೊಬ್ಬರ ಅರ್ಧಕ್ಕೆ ಇಳಿಸಿ, ಆ ದುಡ್ಡಲ್ಲಿ ಇನ್ನೊಂದು ರೋಸ್ಟರ್ ತರೋಣ ಅಂತ. ಒಂದು ಅಂದಾಜು ಹಾಕಿ ಕೊಡಿ." ಪಕ್ಕದಲ್ಲಿ ನಿಂತಿದ್ದ ತೋಟದ ರೈಟರು ಏನೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ, ಜೀಪಿನ ಹತ್ತಿರ, ಒಂದೇ ಮಾತು ಹೇಳಿದರು: "ಸಾರ್, ಪಕ್ಕದ ತೋಟದೋರು ಅದೇ ಚೆರಿ ಎಂಟು ಸಾವಿರಕ್ಕೆ ಕೊಟ್ರು. ನಮ್ದು ಬಿಲ್ಲಲ್ಲಿ ಐದು ಸಾವಿರ ಅಂತಿದೆ."

ಅಷ್ಟು ಸಾಕಾಯ್ತು.

ಮೊದಲ ಪರೀಕ್ಷೆ: ರೇಟು ಅಲ್ಲಾಡಿಸಿ, ಮೊತ್ತ ಅಲ್ಲಾಡುತ್ತಾ ನೋಡಿ

ಅಂಕಿ ಎಲ್ಲಾ ದುಂಡಗೆ ಮಾಡಿದ್ದೇನೆ, ಲೆಕ್ಕ ಬಾಯಲ್ಲೇ ಆಗಲಿ ಅಂತ. ವರ್ಷಕ್ಕೆ 1,000 ಮೂಟೆ ಚೆರಿ, ಮೂಟೆಗೆ 50 ಕಿಲೊ. ತೋಟದ ಖರ್ಚು, ಅಂದರೆ ಗೊಬ್ಬರ, ಕಸಿ, ನೀರು, ಕೊಯ್ಲು, ಕಣದ ಕೆಲಸ ಎಲ್ಲ ಸೇರಿ 45 ಲಕ್ಷ. ಮೂಟೆಗೆ 4,500 ಬಿತ್ತು. ಒಂದು ಮೂಟೆ ಚೆರಿ ಹಲ್ಲಿಂಗ್ ಮಾಡಿದರೆ 26 ಕಿಲೊ ಬೀಜ. ಹುರಿದಾಗ ತೂಕ ನೂರಕ್ಕೆ ಹದಿನೈದರ ಆಸುಪಾಸು ಇಳಿಯುತ್ತೆ, 22 ಕಿಲೊ ಪುಡಿ ಸಿಗುತ್ತೆ ಅಂತ ಇಟ್ಟುಕೊಳ್ಳಿ. ಚಿಕೋರಿ ಬೆರೆಸೋ ಲೆಕ್ಕ ಬಿಟ್ಟಿದ್ದೇನೆ. ಪುಡಿ ಕಿಲೊಗೆ 500ರ ಹಾಗೆ ಅಂಗಡಿಗೆ ಹೋದರೆ 22,000 ಕಿಲೊಗೆ 110 ಲಕ್ಷ. ಹಲ್ಲಿಂಗ್, ಹುರಿಯೋ ಗ್ಯಾಸು, ಕೂಲಿ, ಪ್ಯಾಕೆಟ್ಟು, ಗಾಡಿ ಬಾಡಿಗೆ ಸೇರಿ ಕಿಲೊಗೆ 100, ಅಂದರೆ 22 ಲಕ್ಷ. ಮ್ಯಾನೇಜರ್ ಸಂಬಳ, ಕಟ್ಟಡ ಬಾಡಿಗೆ, ಬಡ್ಡಿ ಇವೆಲ್ಲ ಕಂಪನಿ ಮಟ್ಟದಲ್ಲಿ ಇವೆ, ಇಲ್ಲಿ ಹಿಡಿದಿಲ್ಲ.

ಈಗ ಸ್ಪ್ರೆಡ್‌ಶೀಟಿನಲ್ಲಿ ಐದೇ ಸಾಲು:

```
B1  1000
B2  5000
B3  =B1*B2-4500000
B4  =11000000-2200000-B1*B2
B5  =B3+B4
```

B1 ಮೂಟೆ, B2 ಒಳ ರೇಟು, B3 ತೋಟದ ಲಾಭ, B4 ಪುಡಿ ಘಟಕದ ಲಾಭ, B5 ಎರಡೂ ಸೇರಿದ್ದು. B2 ಒಂದನ್ನೇ ಬದಲಿಸ್ತಾ ಹೋಗಿ.

| ಒಳ ರೇಟು (ಮೂಟೆಗೆ) | ತೋಟ | ಪುಡಿ ಘಟಕ | ಕಂಪನಿ |
|---|---|---|---|
| 5,000 | 5 ಲಕ್ಷ | 38 ಲಕ್ಷ | 43 ಲಕ್ಷ |
| 8,000 | 35 ಲಕ್ಷ | 8 ಲಕ್ಷ | 43 ಲಕ್ಷ |
| 9,000 | 45 ಲಕ್ಷ | 2 ಲಕ್ಷ ನಷ್ಟ | 43 ಲಕ್ಷ |

ಕೊನೆ ಕಾಲಂ ಮಿಸುಕಲ್ಲ. ಯಾಕಂದ್ರೆ B1*B2 ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆದಿದೆ, ಒಟ್ಟಿಗೆ ಹಾಕಿದರೆ ಮಾಯ. ಮೂಟೆಗೆ 100 ರೂಪಾಯಿ ರೇಟು ಏರಿಸಿದರೆ ಸಾವಿರ ಮೂಟೆಗೆ 1 ಲಕ್ಷ ಆ ಜೇಬಿಂದ ಈ ಜೇಬಿಗೆ ಬರುತ್ತೆ. ಅಷ್ಟೇ. ಐದು ಲಕ್ಷ ಮತ್ತು ಮೂವತ್ತೆಂಟು ಲಕ್ಷ ಅನ್ನೋದು ತೋಟದ ಬಗ್ಗೆಯಾಗಲಿ ಪುಡಿ ಘಟಕದ ಬಗ್ಗೆಯಾಗಲಿ ಏನನ್ನೂ ಹೇಳ್ತಿರಲಿಲ್ಲ. ಯಾರೋ ಏಪ್ರಿಲ್‌ನಲ್ಲಿ ಬರೆದ ಒಂದು ಅಂಕಿಯ ಬಗ್ಗೆ ಹೇಳ್ತಿತ್ತು.

ಈ ಪರೀಕ್ಷೆಯಲ್ಲಿ ಎರಡು ಉತ್ತರ ಬರಬಹುದು. ರೇಟು ಬದಲಿಸಿದಾಗ ಒಟ್ಟು ಮೊತ್ತ ಹಾಗೇ ನಿಂತರೆ, ದೋಷ ರೇಟು ಎಲ್ಲಿಂದ ಬಂತು ಅನ್ನೋದರಲ್ಲಿದೆ. ಮೊತ್ತವೂ ಅಲ್ಲಾಡಿದರೆ ದೋಷ ಬೇರೆ ಕಡೆ, ಸಾಮಾನ್ಯವಾಗಿ ಸ್ಟಾಕಿನಲ್ಲಿ. ಅದಕ್ಕೆ ಆಮೇಲೆ ಬರ್ತೀನಿ.

ಈ ಹಂತದಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಒಂದಿದೆ: ಒಳ ರೇಟು ಕಮ್ಮಿ ತೋರಿಸಿದರೆ ತೆರಿಗೆ ಉಳಿಯಲ್ವಾ ಅಂತ. ಒಂದೇ ಕಂಪನಿಯೊಳಗೆ ಇಲ್ಲ. ಸ್ವಂತ ತೋಟದ ಕಾಫಿ ಹುರಿದು ಪುಡಿ ಮಾಡಿ ಮಾರೋರಿಗೆ 1962ರ ಆದಾಯ ತೆರಿಗೆ ನಿಯಮಗಳ 7ಬಿ ಇಡೀ ಆದಾಯವನ್ನು ಒಟ್ಟಿಗೇ ಹಿಡಿದು, ಅದರಲ್ಲಿ 40 ಪರ್ಸೆಂಟ್ ವ್ಯಾಪಾರದ ಆದಾಯ ಅನ್ನುತ್ತಿತ್ತು. ತೋಟಕ್ಕೆಷ್ಟು ಘಟಕಕ್ಕೆಷ್ಟು ಅಂತ ನೀವು ಹಂಚಿಕೊಂಡಿದ್ದನ್ನ ಅದು ಕೇಳ್ತಾನೇ ಇರಲಿಲ್ಲ. ಎರಡು ಬೇರೆ ಬೇರೆ ಕಂಪನಿ ಇದ್ದರೆ, ಅಥವಾ ಘಟಕ ಬೇರೆ ರಾಜ್ಯದಲ್ಲಿದ್ದು ಜಿಎಸ್‌ಟಿ ನೋಂದಣಿ ಬೇರೆ ಇದ್ದರೆ ಕಥೆ ಬೇರೆ. ಅಲ್ಲಿ ಒಳ ರೇಟಿಗೂ ಕಾನೂನಿನ ಕಣ್ಣಿದೆ. ಅದು ನಿಮ್ಮ ಆಡಿಟರ ಕೆಲಸ, ನಾನು ಇಲ್ಲಿ ಎಳೆಯಲ್ಲ.

ರೇಟು ಎಲ್ಲಿಂದ ಬಂತು?

ವೋಚರ್ ಫೈಲು ತೆಗೆಸಿದೆ. ಒಂದೇ ಒಂದು ಹಾಳೆ. ಎರಡು ವರ್ಷದ ಹಿಂದಿನ ಏಪ್ರಿಲ್ ತಾರೀಕು, "ಚೆರಿ ರೇಟು 5,000, ಮುಂದಿನ ಆದೇಶದವರೆಗೆ" ಅಂತ ಪೆನ್ನಲ್ಲಿ ಬರೆದು ಸಹಿ. ಆವಾಗ ಪೇಟೆಯಲ್ಲೂ ಹತ್ತಿರ ಹತ್ತಿರ ಅಷ್ಟೇ ಇತ್ತು, ತಪ್ಪೇನಿಲ್ಲ. ಆಮೇಲೆ ರೋಬಸ್ಟಾ ಏರಿತು. ಹಾಳೆ ಏರಲಿಲ್ಲ. ಮುಂದಿನ ಆದೇಶ ಬರಲೇ ಇಲ್ಲ.

ಹಾಳೆ ಹಳೇದು ಅಂತ ಗೊತ್ತಾದ ತಕ್ಷಣ ಇವತ್ತಿನ ಪೇಟೆ ರೇಟು ಬರೆದುಬಿಡಬೇಡಿ. ಎರಡೂ ಕಡೆಯಿಂದ ಗಡಿ ಹಾಕಿಕೊಂಡು ನೋಡಿ.

ಕೊಡೋನ ಗಡಿ: ತೋಟ ಇದೇ ಮೂಟೆಯನ್ನ ಹೊರಗೆ ಮಾರಿದ್ದರೆ ಕೈಗೆ ಎಷ್ಟು ಬರ್ತಿತ್ತು? ವ್ಯಾಪಾರಿ ರೇಟು 8,000, ಸಾಗಾಟ ಮತ್ತು ದಲ್ಲಾಳಿಗೆ ಮೂಟೆಗೆ 100 ಹೋಗುತ್ತೆ. ಕೈಗೆ 7,900. ಇದಕ್ಕಿಂತ ಕಮ್ಮಿಗೆ ಒಳಗೆ ಕೊಟ್ಟರೆ ತೋಟ ಸುಮ್ನೆ ಕಳ್ಕೊಳ್ತಾ ಇದೆ. ಇಲ್ಲಿ ತುಂಬಾ ಜನ ಎಡವೋದು ಆ 4,500ರಲ್ಲಿ. "ನಮ್ಮ ಖರ್ಚು 4,500, ಐದು ಸಾವಿರಕ್ಕೆ ಕೊಟ್ಟರೂ ಲಾಭವೇ ಅಲ್ವಾ" ಅಂತಾರೆ. ಆ ಖರ್ಚು ಮುಗಿದು ಹೋಗಿದೆ. ಚೆರಿ ಒಣಗಿ ಗೋಡೌನಿನಲ್ಲಿ ಕೂತಿರೋವಾಗ ಕೇಳಬೇಕಾದ್ದು ಅದಕ್ಕೆ ಎಷ್ಟು ಖರ್ಚಾಯ್ತು ಅಂತ ಅಲ್ಲ, ಒಳಗೆ ಕೊಟ್ಟರೆ ಏನು ಬಿಟ್ಟ ಹಾಗಾಗುತ್ತೆ ಅಂತ.

ತಗೊಳ್ಳೋನ ಗಡಿ: ಪುಡಿ ಘಟಕ ಇದೇ ಮಾಲು ಹೊರಗೆ ತಗೊಂಡರೆ 8,000, ತರಿಸೋ ಖರ್ಚು 100 ಸೇರಿ 8,100. ಇದಕ್ಕಿಂತ ಜಾಸ್ತಿ ಒಳಗೆ ಕೊಡಲ್ಲ. ಇನ್ನೊಂದು ಗಡಿಯೂ ಇದೆ, ಪುಡಿ ಮಾರಿ ಖರ್ಚು ಕಳೆದು ಉಳಿಯೋದು: 110ರಲ್ಲಿ 22 ಹೋದರೆ 88 ಲಕ್ಷ, ಮೂಟೆಗೆ 8,800. ಇವೆರಡರಲ್ಲಿ ಯಾವುದು ಕಮ್ಮಿಯೋ ಅದೇ ಗಡಿ, ಅಂದರೆ 8,100.

ಹಾಗಾಗಿ ರೇಟು 7,900ಕ್ಕೂ 8,100ಕ್ಕೂ ನಡುವೆ ಎಲ್ಲಿದ್ದರೂ ಪರವಾಗಿಲ್ಲ. ಆ ಇನ್ನೂರು ರೂಪಾಯಿಯೇ ಒಳಗೊಳಗೆ ಕೊಟ್ಟುಕೊಂಡಿದ್ದರಿಂದ ಕಂಪನಿಗೆ ಉಳಿದ ದುಡ್ಡು, ಅದನ್ನ ಹಂಚಿಕೊಳ್ಳೋಕೆ ಬೇಕಾದರೆ ಎರಡೂ ಕಡೆ ಕೂತು ಜಗಳ ಆಡಲಿ. 5,000 ಈ ಗಡಿಯಿಂದ ಎಷ್ಟು ಹೊರಗಿದೆ ನೋಡಿ. ತಗೊಳ್ಳೋ ಗಡಿ ಕೊಡೋ ಗಡಿಗಿಂತ ಕೆಳಗೆ ಬಿದ್ದರೆ ಮಾತ್ರ ಬೇರೆ ಅರ್ಥ: ಆ ಮಾಲನ್ನ ಒಳಗೆ ಕೊಡೋದೇ ತಪ್ಪು, ಹೊರಗೆ ಮಾರಬೇಕು. ಅದನ್ನ ಯಾವ ರೇಟೂ ಸರಿ ಮಾಡಲ್ಲ.

ಹೊರಗಿನ ರೇಟು ಸಿಗೋದು ಕಾಫಿಯಲ್ಲಿ ಕಷ್ಟ ಅಲ್ಲ. ಕಾಫಿ ಬೋರ್ಡ್ ದಿನದ ರೇಟು ಹಾಕುತ್ತೆ, ಪೇಟೆ ವ್ಯಾಪಾರಿಗಳ ರೇಟು ಬೆಳಗಾಗೋದ್ರೊಳಗೆ ಎಲ್ಲರ ಫೋನಿಗೂ ಬಂದಿರುತ್ತೆ. ಬೋರ್ಡಿನ ಪೂಲಿಂಗ್ ಇದ್ದ ಕಾಲದಲ್ಲಿ ಈ ಸೌಕರ್ಯ ಇರಲಿಲ್ಲ, ಬೆಳೆಗಾರರು ಕಾಫಿ ಬೋರ್ಡಿಗೇ ಒಪ್ಪಿಸಬೇಕಿತ್ತು, ದುಡ್ಡು ಕಂತಿನಲ್ಲಿ ಬರ್ತಿತ್ತು. 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂತು. ಅಲ್ಲಿಂದಾಚೆಗೆ "ರೇಟು ಗೊತ್ತಿಲ್ಲ" ಅನ್ನೋ ನೆವ ಯಾರಿಗೂ ಇಲ್ಲ.

ಒಟ್ಟು ಮೊತ್ತ ಅಲ್ಲಾಡಲ್ಲ ಅಂದ ಮೇಲೆ ಯಾಕೆ ತಲೆ ಕೆಡಿಸ್ಕೋಬೇಕು?

ಸಾಹುಕಾರರೂ ಇದನ್ನೇ ಕೇಳಿದರು. "ಎಡಗೈಯಿಂದ ಬಲಗೈಗೆ ಕೊಟ್ಟಿದ್ದು, ನನಗೇನು ನಷ್ಟ?" ನ್ಯಾಯವಾದ ಪ್ರಶ್ನೆ. ನಡೆದು ಹೋದ ವರ್ಷದ ಪುಸ್ತಕದಲ್ಲಿ ನಷ್ಟ ಇಲ್ಲ. ನಷ್ಟ ಇರೋದು ಆ ಪುಸ್ತಕ ನೋಡ್ಕೊಂಡು ಜನ ಮಾಡೋ ತೀರ್ಮಾನದಲ್ಲಿ. ಗೊಬ್ಬರ ಅರ್ಧಕ್ಕೆ ಇಳಿಸೋದು ಒಂದು. ಅದಕ್ಕಿಂತ ಚೆನ್ನಾಗಿ ತೋರಿಸಿದ್ದು ಇನ್ನೊಂದು, ಅದು ಆಗಲೇ ಆಗಿ ಹೋಗಿತ್ತು.

ಆ ವರ್ಷ ಪುಡಿ ಘಟಕದ ಮ್ಯಾನೇಜರು ಹೋಟೆಲುಗಳಿಗೆ ಸಾಮಾನು ಹಾಕೋ ಒಬ್ಬರಿಂದ ದೊಡ್ಡ ಆರ್ಡರ್ ತಂದಿದ್ದರು. 2,200 ಕಿಲೊ ಪುಡಿ, ಕಿಲೊಗೆ 420. ಅಂಗಡಿ ರೇಟಿಗಿಂತ 80 ಕಮ್ಮಿ, ಆದರೆ ಒಂದೇ ಸಲಕ್ಕೆ ಹೋಗುತ್ತೆ, ದುಡ್ಡು ತಕ್ಷಣ ಬರುತ್ತೆ. ಮ್ಯಾನೇಜರು ಹಾಕಿದ ಲೆಕ್ಕ ಅವರ ಡೈರಿಯಲ್ಲೇ ಇತ್ತು, ನೀಟಾಗಿ. ಬರೋದು 9.24 ಲಕ್ಷ. ಹುರಿಯೋದರಿಂದ ಹಿಡಿದು ಗಾಡಿವರೆಗೆ 2.20 ಲಕ್ಷ. ನೂರು ಮೂಟೆ ಚೆರಿ ಐದು ಸಾವಿರದ ಹಾಗೆ 5 ಲಕ್ಷ. ಲಾಭ 2.04 ಲಕ್ಷ. ಕೆಳಗೆ ಎರಡು ಗೆರೆ ಎಳೆದಿದ್ದರು.

ಅವರ ಜಾಗದಲ್ಲಿ ನಾನಿದ್ದರೂ ಒಪ್ಕೊಳ್ತಿದ್ದೆ. ಕೈಗೆ ಕೊಟ್ಟಿದ್ದ ರೇಟಿನ ಪ್ರಕಾರ ಲೆಕ್ಕ ಸರಿಯಾಗೇ ಇದೆ.

ಈಗ ಕಂಪನಿ ಕಣ್ಣಿಂದ ನೋಡಿ. ಆರ್ಡರಿಂದ ಬಂದ 9.24ರಲ್ಲಿ 2.20 ಕಳೆದರೆ 7.04 ಲಕ್ಷ. ಆ ನೂರು ಮೂಟೆ ಚೆರಿಯನ್ನ ಏನೂ ಮಾಡದೆ, ಹುರಿಯದೆ, ಪ್ಯಾಕೆಟ್ ಕಟ್ಟದೆ, ತೋಟದ ಗೇಟಿಂದಲೇ ವ್ಯಾಪಾರಿಗೆ ಎತ್ತಿಸಿದ್ದರೆ 7.90 ಲಕ್ಷ. ವ್ಯತ್ಯಾಸ 86,000. ಕಷ್ಟಪಟ್ಟು ಕೆಲಸ ಮಾಡಿ ಎಂಬತ್ತಾರು ಸಾವಿರ ಕಳ್ಕೊಂಡ ಹಾಗಾಯ್ತು, ಅದಕ್ಕೆ ಮ್ಯಾನೇಜರಿಗೆ ಬೋನಸ್ಸೂ ಸಿಕ್ಕಿತ್ತು. ಇದು ಜೇಬಿಂದ ಜೇಬಿಗೆ ಹೋದ ದುಡ್ಡಲ್ಲ, ಮನೆಯಿಂದ ಆಚೆ ಹೋದದ್ದು.

ಒಳ ರೇಟು 7,900 ಅಂತ ಇದ್ದಿದ್ದರೆ? ಮ್ಯಾನೇಜರ ಡೈರಿಯಲ್ಲೇ 7.90 ಲಕ್ಷ ಚೆರಿ ಖರ್ಚು ಬರ್ತಿತ್ತು, 86,000 ನಷ್ಟ ಅಂತ ಕಾಣ್ತಿತ್ತು, ಅವರೇ ಆರ್ಡರ್ ಬಿಡ್ತಿದ್ದರು ಅಥವಾ ಕಿಲೊಗೆ 460 ಕೇಳ್ತಿದ್ದರು. 7.90ಕ್ಕೆ 2.20 ಸೇರಿಸಿ 2,200ರಿಂದ ಭಾಗಿಸಿದರೆ ಸುಮಾರು 459 ಬರುತ್ತೆ, ಅದಕ್ಕಿಂತ ಕೆಳಗೆ ಕಂಪನಿಗೆ ಲುಕ್ಸಾನು. ಗಡಿಯೊಳಗಿನ ಒಳ ರೇಟು ಮಾಡೋ ಕೆಲಸ ಇಷ್ಟೇ: ಘಟಕಕ್ಕೆ ಲಾಭ ಅನ್ನಿಸಿದ್ದು ಕಂಪನಿಗೂ ಲಾಭ ಆಗೋ ಹಾಗೆ ನೋಡಿಕೊಳ್ಳೋದು.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಹೊರಗೆ ಆ ನೂರು ಮೂಟೆ ನಿಜವಾಗ್ಲೂ 8,000ಕ್ಕೆ ಹೋಗ್ತಿದ್ದರೆ ಮಾತ್ರ ಇದು ಸರಿ. ಕಾಫಿ ಚೆರಿಗೆ ಯಾವಾಗಲೂ ತಗೊಳ್ಳೋರು ಇರ್ತಾರೆ, ಹಾಗಾಗಿ ತೊಂದರೆ ಇಲ್ಲ. ಹೊರಗೆ ಕೊಳ್ಳೋರೇ ಇಲ್ಲದ ಮಾಲಾದರೆ ಕೊಡೋನ ಗಡಿ ಇನ್ನೊಂದು ಮೂಟೆ ಕೊಡೋಕೆ ಆಗೋ ಹೆಚ್ಚಿನ ಖರ್ಚಿಗೆ ಇಳಿಯುತ್ತೆ. ನಮ್ಮಲ್ಲೇ ಉದಾಹರಣೆ ಇದೆ, ಹಲ್ಲಿಂಗ್ ಆದ ಮೇಲೆ ಉಳಿಯೋ ಹೊಟ್ಟು. ಅದು ಗೊಬ್ಬರದ ಗುಂಡಿಗೆ ಅಂತ ವಾಪಸ್ ತೋಟಕ್ಕೆ ಹೋಗ್ತಿತ್ತು, ಘಟಕದವರು ಅದಕ್ಕೂ ಕಿಲೊಗೆ ಎರಡು ರೂಪಾಯಿ ಬಿಲ್ ಹಾಕಿದ್ದರು! ಟ್ರ್ಯಾಕ್ಟರ್ ಖರ್ಚಿಗಿಂತ ಮೇಲೆ ಏನೂ ಹಾಕಬೇಡಿ ಅಂದೆ.

ಮರುವರ್ಷ ಮೊತ್ತವೇ ಅಲ್ಲಾಡಿತು

ರೇಟು 8,000ಕ್ಕೆ ತಂದೆವು. ತೋಟ ಚೆನ್ನಾಗಿ ಕಂಡಿತು, ಗೊಬ್ಬರ ಬಿತ್ತು, ಎಲ್ಲರೂ ಖುಷಿ. ಮುಂದಿನ ಮೇ ತಿಂಗಳಲ್ಲಿ ಪಟ್ಟಿ ಬಂದಾಗ ಕಂಪನಿ ಲಾಭ ನಾನು ಅಂದಾಜು ಮಾಡಿದ್ದಕ್ಕಿಂತ 7 ಲಕ್ಷ ಜಾಸ್ತಿ. ಸುಮ್ನೆ ಕೈಗೆ ಬಂದ ಲಾಭ ನೋಡಿದರೆ ನನಗೆ ಭಯ.

ಮತ್ತೆ ಅದೇ ಮೊದಲ ಪರೀಕ್ಷೆ. ಒಳ ರೇಟು 8,000 ತೆಗೆದು 5,000 ಹಾಕಿದೆ. ಒಟ್ಟು ಮೊತ್ತ 6 ಲಕ್ಷ ಇಳಿಯಿತು. ಇಳೀಬಾರದು! ಇಳಿಯಿತು ಅಂದ್ರೆ ಕೊಟ್ಟ ಕಡೆ ಮಾರಾಟ ಅಂತ ಬರೆದಿದ್ದು ತಗೊಂಡ ಕಡೆ ಖರ್ಚಾಗಿಲ್ಲ, ಎಲ್ಲೋ ಸ್ಟಾಕಾಗಿ ಕೂತಿದೆ.

ಮಾಲು ಸಾಗಿಸಿದ ಚೀಟಿಗಳನ್ನ ತಾರೀಕು ಪ್ರಕಾರ ಜೋಡಿಸಿ ನೋಡಿ, ಕಣ್ಣಿಗೇ ಹೊಡೆಯುತ್ತೆ. ತಿಂಗಳಿಗೆ ಎಂಬತ್ತು ಚಿಲ್ಲರೆ ಹೋಗ್ತಿದ್ದ ಮೂಟೆ ಮಾರ್ಚ್ ಕೊನೇ ವಾರದಲ್ಲಿ ಒಂದೇ ಸಲ 200 ಹೋಗಿತ್ತು. ಘಟಕದ ಗೋಡೌನಿನಲ್ಲಿ ಜಾಗ ಸಾಲದೆ ಪ್ಯಾಕಿಂಗ್ ರೂಮಿನಲ್ಲಿ ಅಟ್ಟಿ ಹಾಕಿದ್ದರು. ಹೋದ ವರ್ಷ ಪೆಟ್ಟು ತಿಂದ ತೋಟದವರು ಈ ಸಲ ಪಾಠ ಕಲಿತಿದ್ದರು: ಮೂಟೆ ಗೇಟು ದಾಟಿದರೆ 3,500 ಲಾಭ. 8,000ದಲ್ಲಿ 4,500 ಹೋಗಿ ಅಷ್ಟು ಉಳೀತು. ಇನ್ನೂರು ಮೂಟೆಗೆ 7 ಲಕ್ಷ. ಒಂದು ಪ್ಯಾಕೆಟ್ಟೂ ಯಾವ ಅಂಗಡಿಗೂ ಹೋಗಿಲ್ಲ, ಆದರೂ ಲಾಭ ಬಂದು ಬಿಟ್ಟಿದೆ. ನಾನು ರೇಟನ್ನ 5,000ಕ್ಕೆ ಇಳಿಸಿದಾಗ ಮೂಟೆಗೆ ಬರೀ 500 ಉಳಿದು 1 ಲಕ್ಷ ಆಯ್ತು, ಹಾಗಾಗಿ 6 ಲಕ್ಷ ಇಳಿದಿದ್ದು.

ರೈಟರನ್ನ ಕೇಳಿದೆ. ನಕ್ಕರು. "ಮಾರ್ಚಲ್ಲಿ ಕಳಿಸಿದ್ರೇನು, ಏಪ್ರಿಲಲ್ಲಿ ಕಳಿಸಿದ್ರೇನು ಸಾರ್, ಹೋಗೋದು ಅಲ್ಲಿಗೇ ತಾನೆ."

ಸರಿ ಮಾಡೋದು ಹೀಗೆ. ಖರ್ಚಿನ ಮೇಲೆ ಸ್ಟಾಕ್ ಬರೆಯೋ ಕಂಪನಿಯಾದರೆ, ಮಾರ್ಚ್ 31ಕ್ಕೆ ತಗೊಂಡ ಘಟಕದಲ್ಲಿ ಉಳಿದ ಒಳ ಮಾಲಿನಿಂದ ಒಳ ಲಾಭ ತೆಗೀಬೇಕು. ಇನ್ನೂರು ಮೂಟೆಯನ್ನ 16 ಲಕ್ಷ ಅಂತ ಬರೆದಿದ್ದರೆ ಕಂಪನಿ ಪಟ್ಟಿಯಲ್ಲಿ ಅದು 9 ಲಕ್ಷ ಆಗಬೇಕು, 7 ಲಕ್ಷ ಲಾಭದಿಂದ ಕಳೀಬೇಕು. ಮುಂದಿನ ವರ್ಷ ಆ ಪುಡಿ ಮಾರಾಟ ಆದಾಗ ಆ 7 ಲಕ್ಷ ತಾನಾಗಿ ವಾಪಸ್ ಬರುತ್ತೆ. ಹುರಿದು ಪುಡಿಯಾಗಿ ಪ್ಯಾಕೆಟ್ಟಲ್ಲಿರೋ ಮಾಲಿನಲ್ಲೂ ಇದೇ ಒಳ ಲಾಭ ಅಡಗಿರುತ್ತೆ, ಅದನ್ನ ಮರೀತಾರೆ. 22 ಕಿಲೊ ಪುಡಿಗೆ ಒಂದು ಮೂಟೆ ಅಂತ ಹಿಂದಕ್ಕೆ ಲೆಕ್ಕ ಹಾಕಿ ತೆಗೀಬೇಕು. ದೊಡ್ಡ ಕಂಪನಿಗಳು ಇಂಡ್ ಎಎಸ್ ಅನ್ನೋ ಲೆಕ್ಕಪತ್ರದ ಮಾನದಂಡದ ಪ್ರಕಾರ ಬರೆಯೋದಾದರೆ ಕೊಯ್ಲಾದ ಬೆಳೆಗೆ ಬೇರೆ ನಿಯಮ ಇದೆ, ಈ 4,500 ಅನ್ನೋ ಅಂಕಿ ಅಲ್ಲಿ ಹಾಗೇ ನಡೆಯಲ್ಲ.

ತೆಗೆದ ಮೇಲೆ ಮತ್ತೆ ರೇಟು ಅಲ್ಲಾಡಿಸಿ. ಮೊತ್ತ ನಿಂತರೆ ಕೆಲಸ ಮುಗೀತು. ಇನ್ನೂ ಅಲ್ಲಾಡಿದರೆ ಒಂದು ಕಡೆ ಬರೆದ ಚೀಟಿ ಇನ್ನೊಂದು ಕಡೆ ಬರೆದೇ ಇಲ್ಲ. ಸಾಮಾನ್ಯವಾಗಿ ಮಾರ್ಚ್ 31ರ ಸಂಜೆ ಲೋಡ್ ಆಗಿ ಏಪ್ರಿಲ್ 1ಕ್ಕೆ ಇಳಿಸಿದ ಗಾಡಿ ಅದು.

ರೇಟು ಸರಿ ಇದ್ದರೂ ಘಟಕ ಸೊರಗಿದರೆ: ಓಟಿ ನೋಡಿ

ಇದು ಬೇರೆ ಊರಿನ ಲೆಕ್ಕದವರಿಗೆ ಹೊಳೆಯಲ್ಲ. ಚೆರಿ ಮೂಟೆ 50 ಕಿಲೊ ಅಂತ ತೂಗಿದರೂ ಕೊಳ್ಳೋನಿಗೆ ಬೇಕಾಗಿರೋದು ಒಳಗಿನ ಬೀಜ. 50 ಕಿಲೊ ಚೆರಿಯಿಂದ ಎಷ್ಟು ಕಿಲೊ ಬೀಜ ಬರುತ್ತೋ ಅದೇ ಔಟ್ ಟರ್ನ್, ಎಲ್ಲರೂ ಓಟಿ ಅಂತಾರೆ. ಪೇಟೆಯ ವ್ಯಾಪಾರಿ ಓಟಿ ನೋಡದೆ ರೇಟು ಹೇಳಲ್ಲ. ಕಂಪನಿಯೊಳಗೆ ಮಾತ್ರ "ನಮ್ದೇ ತೋಟ ಅಲ್ವಾ" ಅಂತ ಮೂಟೆ ಎಣಿಸಿ ರೇಟು ಗುಣಿಸಿಬಿಡ್ತಾರೆ.

ಮೂರನೇ ವರ್ಷ ಘಟಕದ ಮ್ಯಾನೇಜರು ಪುಡಿ ಕಮ್ಮಿ ಬರ್ತಿದೆ ಅಂತ ಗೊಣಗಿದರು. ಮಷೀನು ನೋಡಿದರು, ಕೆಲಸದವರ ಮೇಲೆ ಅನುಮಾನ ಪಟ್ಟರು. ನಾನು ಹೋದ ದಿನ ಬಂದಿದ್ದ ಲೋಡಿನಲ್ಲಿ ಹತ್ತು ಮೂಟೆಯಿಂದ ಒಂದೊಂದು ಬೊಗಸೆ ತೆಗೆಸಿ, ಒಂದು ತಟ್ಟೆಯಲ್ಲಿ ಕಲೆಸಿ, ಸರಿಯಾಗಿ 500 ಗ್ರಾಂ ತೂಗಿಸಿದೆ. ಸ್ಯಾಂಪಲ್ ಹಲ್ಲರಿಗೆ ಹಾಕಿ, ಹೊಟ್ಟು ಊದಿ, ಬೀಜ ಮತ್ತೆ ತಕ್ಕಡಿಗೆ. 240 ಗ್ರಾಂ. ಹತ್ತರಿಂದ ಭಾಗಿಸಿದರೆ ಓಟಿ 24. ನಾವೆಲ್ಲ 26 ಅಂತ ಹಿಡಿದು ರೇಟು ಕಟ್ಟಿದ್ದೆವು. ಮಾಯಿಶ್ಚರ್ ಮೀಟರಲ್ಲೂ ತೇವ ಜಾಸ್ತಿ ತೋರಿಸಿತು. ಕಣದಲ್ಲಿ ಪೂರ್ತಿ ಒಣಗೋ ಮೊದಲೇ ಮೂಟೆ ಕಟ್ಟಿದ್ದರು.

ರೇಟು 26ಕ್ಕೆ 8,000 ಅಂತಾದರೆ 24ಕ್ಕೆ ಎಷ್ಟು?

```
=ROUND(8000/26*24,0)
```

7385 ಬರುತ್ತೆ. ಮೂಟೆಗೆ 615 ರೂಪಾಯಿ ತೋಟದ ತಪ್ಪು, ಆದರೆ ಅದು ಕಾಣ್ತಿದ್ದದ್ದು ಘಟಕದ ಪಟ್ಟಿಯಲ್ಲಿ. ನೂರು ಮೂಟೆಯ ಲೋಡಿಗೆ 61,500. ಇಲ್ಲಿ ರೇಟು ತಿದ್ದಿದರೆ ಕಂಪನಿಗೆ ಒಂದು ರೂಪಾಯಿ ವಾಪಸ್ ಬರಲ್ಲ, ಬೀಜ ಕಮ್ಮಿ ಇದ್ದಿದ್ದು ಇದ್ದೇ ಇದೆ. ಆದರೆ ನಷ್ಟ ಕಣದ ಹತ್ತಿರ ಹೋಗಿ ಕೂರುತ್ತೆ, ಅಲ್ಲಿ ಯಾರಾದರೂ ಇನ್ನೆರಡು ದಿನ ಬಿಸಿಲಿಗೆ ಹರವೋಕೆ ಕಾರಣ ಸಿಗುತ್ತೆ.

ಈಗ ಅಲ್ಲಿ ನಡೀತಿರೋದು ಹೀಗೆ. ತಿಂಗಳ ಒಂದನೇ ತಾರೀಕು, ಹಿಂದಿನ ತಿಂಗಳ ಪೇಟೆ ರೇಟಿನ ಸರಾಸರಿ ತೆಗೆದು 26ರಿಂದ ಭಾಗಿಸಿ ಒಂದು ಓಟಿಗೆ ಇಷ್ಟು ಅಂತ ಎರಡೂ ಕಡೆಗೆ ಕಳಿಸ್ತಾರೆ. ಪ್ರತಿ ಲೋಡಿಗೂ ಇಳಿಸೋ ಜಾಗದಲ್ಲಿ, ತೋಟದ ಒಬ್ಬರು ಎದುರಿಗಿದ್ದಾಗ, ಸ್ಯಾಂಪಲ್ ತೆಗೀತಾರೆ. ಚೀಟಿಯಲ್ಲಿ ಮೂಟೆ, ತೂಕ, ಓಟಿ, ರೇಟು ನಾಲ್ಕೂ ಇರುತ್ತೆ. ಘಟಕ ಯಾರಿಗಾದರೂ ಆರು ತಿಂಗಳು ಒಂದೇ ರೇಟಿಗೆ ಪುಡಿ ಕೊಡ್ತೀನಿ ಅಂತ ಮಾತು ಕೊಡೋದಾದರೆ ಮೊದಲು ತೋಟದ ಹತ್ತಿರ ಅಷ್ಟು ಮೂಟೆಗೆ ಅವತ್ತಿನ ರೇಟು ಬರೆಸಿಕೊಂಡಿರಬೇಕು. ಮ್ಯಾನೇಜರ ಬೋನಸ್ ಅರ್ಧ ಕಂಪನಿ ಲಾಭದ ಮೇಲೆ, ಅರ್ಧ ಘಟಕದ ಮೇಲೆ. ಪೂರ್ತಿ ಘಟಕದ ಮೇಲೇ ಇದ್ದರೆ ಈ ಕಾಗದ ಎಲ್ಲ ಇದ್ದೂ ಯಾರಾದರೂ ಸಂದು ಹುಡುಕ್ತಾರೆ.

ರೇಟು ಬಿದ್ದ ವರ್ಷ

ತಿಂಗಳ ಸರಾಸರಿಗೂ ಒಂದು ತೊಂದರೆ ಇದೆ, ಪೇಟೆ ಧಡ್ ಅಂತ ಬಿದ್ದಾಗ ಒಳ ರೇಟು ಒಂದು ತಿಂಗಳು ಹಿಂದೆ ಉಳಿಯುತ್ತೆ. ಒಳಗೆ 8,000, ಹೊರಗೆ 7,000 ಅಂತಿಟ್ಟುಕೊಳ್ಳಿ. ಘಟಕದವರು ಹೊರಗೆ 7,000ಕ್ಕೆ ತಗೊಂಡು 100 ಖರ್ಚು ಮಾಡಿ ತರಿಸ್ತಾರೆ, ಅವರ ಪಟ್ಟಿಯಲ್ಲಿ ಮೂಟೆಗೆ 900 ಉಳಿತಾಯ. ಅತ್ತ ತೋಟ ತನ್ನ ಮಾಲನ್ನ ಹೊರಗೆ ಮಾರಿ 6,900 ತರುತ್ತೆ. ಕಂಪನಿ 7,100 ಕೊಟ್ಟು 6,900 ತಗೊಂಡಿತು. ಮೂಟೆಗೆ 200 ಲಾರಿಯವರಿಗೂ ದಲ್ಲಾಳಿಗೂ ಹೋಯ್ತು.

ಇದನ್ನ ಹಿಡಿಯೋದು ಸುಲಭ. ಘಟಕದ ಖರೀದಿ ಖಾತೆಯಲ್ಲಿ ಹೊರಗಿನ ವ್ಯಾಪಾರಿ ಬಿಲ್ಲು ಹುಡುಕಿ, ಅದೇ ತಾರೀಕಿಗೆ ತೋಟದ ಗೋಡೌನಿನ ಸ್ಟಾಕ್ ಪುಸ್ತಕ ತೆಗೆದು ಪಕ್ಕದಲ್ಲಿಡಿ. ಇಲ್ಲಿ ಮೂಟೆ ತುಂಬಿರೋವಾಗ ಅಲ್ಲಿ ಖರೀದಿ ಆಗಿದ್ದರೆ ಸಿಕ್ಕಿತು. ಬೇರೆ ಜಾತಿ ಬೀಜ ಬೇಕಿತ್ತು, ಅರೇಬಿಕಾ ಬೆರೆಸೋಕೆ, ಅಂತ ಹೇಳಿದರೆ ಸರಿ, ಅದು ಬೇರೆ ಮಾಲು. ಅದೇ ರೋಬಸ್ಟಾ ಚೆರಿಯಾಗಿದ್ದರೆ ಅವತ್ತೇ ತೋಟಕ್ಕೆ ಫೋನ್ ಹಾಕಿಸಿ, ಹೊರಗಿನ ರೇಟಿಗೇ ಕೊಡೋಕೆ ಹೇಳಿ. ಆ ಕಂಪನಿಯಲ್ಲಿ ಈಗ ಒಂದು ಸಾಲು ಸೇರಿಸಿದ್ದಾರೆ: ಹೊರಗೆ ತಗೊಳ್ಳೋ ಮೊದಲು ಬಿಲ್ಲು ತೋಟಕ್ಕೆ ತೋರಿಸಬೇಕು, ತೋಟ ಆ ರೇಟಿಗೆ ಒಪ್ಪಿದರೆ ಹೊರಗೆ ಹೋಗೋ ಹಾಗಿಲ್ಲ. ಮೊನ್ನೆ ರೈಟರು ಸಿಕ್ಕಿದ್ದರು. ಹೋದ ತಿಂಗಳು ಎರಡು ಸಲ ಒಪ್ಪಿಕೊಂಡರಂತೆ, ಮೂರನೇ ಸಲ "ನೀವೇ ತಗೊಳ್ಳಿ, ನಾನು ಕಾಯ್ತೀನಿ" ಅಂದರಂತೆ.